ಹೊಸ ಸಪ್ಲೈಯರ್ ಕಳಿಸಿದ ಚೆಕ್‌ನಲ್ಲಿ ಬೇರೆ ಹೆಸರು, ನಮ್ಮ ಲೆಕ್ಕದಲ್ಲಿ ಅವರ ಖಾತೆ ತೆರೆಯಬಹುದಾ?

ಪ್ರಶ್ನೆ (ಅಕೌಂಟ್ಸ್ ಸಹಾಯಕಿ, ಪೀಣ್ಯ): ರಟ್ಟಿನ ಬಾಕ್ಸ್‌ಗೆ ಹೊಸ ಪಾರ್ಟಿ ಹಿಡಿದಿದ್ದೇವೆ. ಜಿಎಸ್‌ಟಿ ಸರ್ಟಿಫಿಕೇಟಿನ ಮೊದಲ ಪುಟ, ಉದ್ಯಮ್ ಸರ್ಟಿಫಿಕೇಟು, ಒಂದು ಕ್ಯಾನ್ಸಲ್ ಚೆಕ್ ವಾಟ್ಸ್ಯಾಪಲ್ಲಿ ಕಳಿಸಿದ್ದಾರೆ. ಸರ್ಟಿಫಿಕೇಟಲ್ಲಿ ಮಾಲೀಕರ ಹೆಸರು, ಅಂಗಡಿ ಹೆಸರು ಎರಡೂ ಇದೆ. ಚೆಕ್‌ನಲ್ಲಿ ಮಾತ್ರ ಯಾರೋ ಹೆಂಗಸಿನ ಹೆಸರು. ಕೇಳಿದರೆ "ಮನೆಯವರ ಖಾತೆ ಮೇಡಂ, ಎಲ್ಲಾ ಒಂದೇ" ಅಂತಾರೆ. ಸೋಮವಾರ ಮಾಲು ಬೇಕು ಅಂತ ನಮ್ಮ ಸಾಹೇಬರ ಅವಸರ. 60 ದಿನ ಕ್ರೆಡಿಟ್ ಮಾತಾಗಿದೆ. ಏನು ಮಾಡಲಿ?

ಟ್ಯಾಕ್ಸ್ ಆಫೀಸ್ ನೌಕರ, ದಾವಣಗೆರೆ: ಚೆಕ್ ಮೇಲೆ ಸರ್ಟಿಫಿಕೇಟಿನ ಲೀಗಲ್ ನೇಮ್ ಅಕ್ಷರಶಃ ಇರಲೇಬೇಕು. ಇಲ್ಲದಿದ್ರೆ ಖರೀದಿಗೆ ಕಟ್ಟಿದ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಹೋಯ್ತು. ವಾಪಸ್ ಕಳಿಸಿ.

ಚಾರ್ಟರ್ಡ್ ಅಕೌಂಟೆಂಟ್, ಬೆಂಗಳೂರು: ವಾಪಸ್ ಕಳಿಸಬೇಕು ಅನ್ನೋದು ಸರಿ, ಕಾರಣ ಅದಲ್ಲ. ಒಬ್ಬರೇ ಮಾಲೀಕರಾದರೆ ಲೀಗಲ್ ನೇಮ್ ಆ ವ್ಯಕ್ತಿಯದೇ ಇರುತ್ತದೆ, ಕರೆಂಟ್ ಅಕೌಂಟ್ ಸಾಮಾನ್ಯವಾಗಿ ಅಂಗಡಿ ಹೆಸರಲ್ಲಿ. ಆ ವ್ಯತ್ಯಾಸಕ್ಕೆ ಯಾರೂ ತಕರಾರು ಮಾಡಲ್ಲ, ಏಕೆಂದರೆ ಎರಡರ ಹಿಂದಿರುವ ಪ್ಯಾನ್ ಒಂದೇ. ಹೆಂಡತಿಯ ಖಾತೆಯ ಹಿಂದೆ ಇರುವುದು ಬೇರೆ ಪ್ಯಾನ್. ನಾಳೆ ಗಂಡ "ನನಗೆ ದುಡ್ಡು ಬಂದಿಲ್ಲ" ಅಂದರೆ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಬಿಲ್ಲಿನ ದಿನದಿಂದ 180 ದಿನದೊಳಗೆ ಸಪ್ಲೈಯರ್‌ಗೆ ಹಣ ಸಂದಾಯ ಆಗದಿದ್ದರೆ ಪಡೆದ ಇನ್‌ಪುಟ್ ವಾಪಸ್ ಕಟ್ಟಬೇಕು. ಆಡಿಟ್‌ನಲ್ಲಿ ಆ ಪ್ರಶ್ನೆ ಬಂದೇ ಬರುತ್ತೆ.

ಈಗ ನಿಮ್ಮ ಕಾಗದಗಳನ್ನೇ ನೋಡೋಣ. ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರವೇ ಪ್ಯಾನ್. ಅದರಲ್ಲಿ ನಾಲ್ಕನೆಯದು `P` ಆದರೆ ಒಬ್ಬ ವ್ಯಕ್ತಿ, `F` ಆದರೆ ಪಾಲುದಾರಿಕೆ ಸಂಸ್ಥೆ, `C` ಆದರೆ ಕಂಪನಿ. ನಿಮ್ಮ ಪಾರ್ಟಿಯದು `F` ಬಂದಿದ್ದರೆ ಗಂಡ-ಹೆಂಡತಿ ಇಬ್ಬರೂ ಪಾಲುದಾರರು ಇರಬಹುದು, ಆಗಲೂ ಹಣ ಹೋಗಬೇಕಾದ್ದು ಸಂಸ್ಥೆಯ ಖಾತೆಗೆ. ಒಂದೇ ಪುಟ ಕಳಿಸಿದ್ದಾರಲ್ಲ, ಉಳಿದದ್ದನ್ನೂ ಕೇಳಿ. ಮಾಲೀಕರ ಅಥವಾ ಪಾಲುದಾರರ ವಿವರ, ಫೋಟೋ ಇರುವುದು ಕೊನೆಯ ಅನುಬಂಧದಲ್ಲಿ.

ಅಷ್ಟಕ್ಕೇ ನಿಲ್ಲಬೇಡಿ. ನೋಂದಣಿ ರದ್ದಾದರೂ ಹಳೆಯ ಸರ್ಟಿಫಿಕೇಟು ಹಾಗೇ ಇರುತ್ತದೆ, ಅದನ್ನೇ ಕಳಿಸುವವರಿದ್ದಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ `Search Taxpayer` ಒತ್ತಿ ನಂಬರ್ ಹಾಕಿ. `Active` ಇದೆಯಾ, ಕೆಳಗಿನ ಫೈಲಿಂಗ್ ಪಟ್ಟಿಯಲ್ಲಿ ಇತ್ತೀಚಿನ ರಿಟರ್ನ್ ಕಾಣಿಸುತ್ತಾ ನೋಡಿ, ಆ ಪುಟವನ್ನು ತಾರೀಖಿನ ಸಮೇತ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಇನ್‌ಪುಟ್ ಕೈತಪ್ಪುವುದು ಅವರು ರಿಟರ್ನ್ ಹಾಕದಿದ್ದಾಗ. ಚೆಕ್ಕಿನ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ.

ಸ್ಟೋರ್ಸ್ ಇನ್‌ಚಾರ್ಜ್, ಹುಬ್ಬಳ್ಳಿ: ನಮ್ಮಲ್ಲಿ ಎಲ್ಲಾ ಕಾಗದ ಪಕ್ಕಾ ಇತ್ರಿ. ಮೂರು ತಿಂಗಳ ಮೇಲೆ "ಬ್ಯಾಂಕ್ ಬದಲಾಗೇತಿ" ಅಂತ ಒಂದು ಮೇಲ್ ಬಂತು, ಲೆಟರ್‌ಹೆಡ್‌ನಾಗ ಸಹಿ ಸೀಲು ಎಲ್ಲಾ ಇತ್ತು. ದುಡ್ಡು ಹಾಕಿದ್ರು. ಪಾರ್ಟಿ ಮೇಲ್ ಕಳಿಸೇ ಇರಲಿಲ್ಲ. ಅದೂ ಒಂದ್ ಕೇಳ್ಕೊಳ್ರಿ.

ಚಾರ್ಟರ್ಡ್ ಅಕೌಂಟೆಂಟ್: ಇದು ಬಹಳ ಕಡೆ ಆಗ್ತಿದೆ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಹೋಗುವುದು ಖಾತೆ ನಂಬರ್ ನೋಡಿ, ನಾವು ಟೈಪ್ ಮಾಡಿದ ಹೆಸರನ್ನು ನೋಡಿ ಅಲ್ಲ. ಅದಕ್ಕೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕುಗಳಿಗೆ ಹೇಳಿತ್ತು. ಬೆನಿಫಿಷಿಯರಿ ಸೇರಿಸುವಾಗ ಬರುವ ಆ ಹೆಸರನ್ನು ಸರ್ಟಿಫಿಕೇಟಿನ ಜೊತೆ ಹೋಲಿಸಿ. ಆಮೇಲೆ ಒಂದು ರೂಪಾಯಿ ಹಾಕಿ, ಮಾಲೀಕರಿಗೆ ಫೋನ್ ಮಾಡಿ ಬಂತಾ ಕೇಳಿ. ಫೋನ್ ನಂಬರ್ ಮೊದಲ ದಿನ ನೀವೇ ಬರೆದಿಟ್ಟದ್ದಾಗಿರಲಿ, ಮೇಲ್‌ನ ಕೆಳಗಿರುವುದು ಬೇಡ.

ಅಕೌಂಟ್ಸ್ ಸಹಾಯಕಿ: ಪೋರ್ಟಲ್ ನೋಡಿದೆ, `Active` ಇದೆ. ಪ್ಯಾನ್ `P`. ಅಂಗಡಿ ಹೆಸರಿನ ಕರೆಂಟ್ ಅಕೌಂಟ್ ಓವರ್‌ಡ್ರಾಫ್ಟ್ ಅಂತೆ, ದುಡ್ಡು ಬಿದ್ದ ಕೂಡಲೇ ಬ್ಯಾಂಕು ಹಿಡ್ಕೊಳ್ಳುತ್ತೆ, ಅದಕ್ಕೇ ಹೆಂಡತಿ ಖಾತೆ ಅಂತ ಈಗ ಬಾಯಿಬಿಟ್ಟರು!

ಚಾರ್ಟರ್ಡ್ ಅಕೌಂಟೆಂಟ್: ಅದು ಅವರ ಮತ್ತು ಅವರ ಬ್ಯಾಂಕಿನ ಲೆಕ್ಕ, ನೀವು ಮಧ್ಯೆ ಹೋಗಬೇಡಿ. ಸೋಮವಾರ ಮಾಲು ಬರಲಿ, ಬಿಲ್ ಬುಕ್ ಮಾಡಿ. ಅಂಗಡಿ ಹೆಸರಿನ ಚೆಕ್ ಬರುವವರೆಗೆ ಪೇಮೆಂಟ್ ಬ್ಲಾಕ್ ಮಾಡಿಡಿ. ಸಾಹೇಬರಿಗೂ ಅಡ್ಡಿಯಾಗಲ್ಲ.

ಹಾಗಂತ ತಿಂಗಳುಗಟ್ಟಲೆ ತಡೆಹಿಡಿಯಲೂ ಆಗಲ್ಲ. ಉದ್ಯಮ್‌ನಲ್ಲಿ ಮೈಕ್ರೋ ಅಥವಾ ಸ್ಮಾಲ್ ಉತ್ಪಾದಕ ಎಂದಿದ್ದರೆ 60 ದಿನದ ಮಾತು ನಿಲ್ಲಲ್ಲ. ಲಿಖಿತ ಒಪ್ಪಂದ ಇದ್ದರೂ ಗರಿಷ್ಠ 45 ದಿನ, ಇಲ್ಲದಿದ್ದರೆ 15. ಗಡುವು ಮೀರಿ ಮಾರ್ಚ್ ಕೊನೆಗೂ ಕೊಡದೆ ಉಳಿದರೆ ಆ ವರ್ಷ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬಿಡಲ್ಲ, ನಿಜವಾಗಿ ಕೊಟ್ಟ ವರ್ಷವೇ ಕಳೆಯಬೇಕು. ಪಿಒ ಮೇಲೆ 45 ಅಂತ ಬರೆದು ಅವರ ಸಹಿ ತಗೊಳ್ಳಿ.

ಟ್ಯಾಕ್ಸ್ ಆಫೀಸ್ ನೌಕರ: ಸಾರ್, ಅವರು ಬಾಕ್ಸ್ ಮಾಡೋದೂ ಉಂಟು, ತಂದು ಮಾರೋದೂ ಉಂಟು ಅಂದ್ರೆ? ವ್ಯಾಪಾರಿಗಳಿಗೆ ಈ 45 ದಿನ ಅನ್ವಯಿಸಲ್ಲ ಅಲ್ವಾ?

ಚಾರ್ಟರ್ಡ್ ಅಕೌಂಟೆಂಟ್: ಬರೀ ವ್ಯಾಪಾರಿಗೆ ಇಲ್ಲ. ಎರಡೂ ಮಾಡುವವರ ವಿಷಯದಲ್ಲಿ ನಮ್ಮ ಆಫೀಸಲ್ಲೇ ಎರಡು ಅಭಿಪ್ರಾಯ ಇದೆ. ನಾನಂತೂ 45 ಎಂದೇ ಹಿಡಿಯುತ್ತೇನೆ.