ಸಹಾಯ ಬೇಕು: ಹೊಸ ಪಂಪ್‌ಗಳ ಬಗ್ಗೆ ಡೀಲರ್‌ಗಳಿಗೆ ಪತ್ರ

ನಮಸ್ಕಾರ. ನಮ್ಮ ಹೊಸ ಪಂಪ್‌ಗಳ ಬಗ್ಗೆ ಈಗಿರುವ ಡೀಲರ್‌ಗಳಿಗೆ ಪತ್ರ ಬರೆಯುತ್ತಿದ್ದೇನೆ. ಬೆಲೆಯ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಹೊಸದು ಬರುತ್ತಿರುವುದರಿಂದ ಹಳೇ ಮಾಡೆಲ್ ಬೆಲೆ ಇಳಿಸುತ್ತಿದ್ದೇವೆ. ಅದು ಡೀಲರ್‌ಗೆ 100ಕ್ಕೆ ಹೋಗಿದ್ದರೆ, ಇನ್ನು ಮೇಲೆ 90. ಗೋಡೌನ್‌ನಲ್ಲಿ 40 ಪಂಪ್ ಉಳಿದಿದ್ದರೆ ಅವರಿಗೆ 400 ನಷ್ಟ ಅಲ್ವಾ? ಅದನ್ನು ಕ್ರೆಡಿಟ್ ನೋಟ್ ಮೂಲಕ ತುಂಬಿಕೊಡುತ್ತೇವೆ. ಆದರೆ ಎಷ್ಟು ದಿನದ ಹಿಂದಿನ ಬಿಲ್‌ವರೆಗೆ? 60 ದಿನ ಅಂದರೆ ನಿಧಾನವಾಗಿ ಮಾರುವ ಸಣ್ಣ ಡೀಲರ್‌ಗಳಿಗೆ ಏನೂ ಸಿಗುವುದಿಲ್ಲ. ಮಿತಿಯೇ ಇಲ್ಲದಿದ್ದರೆ ಮಾರಿಹೋದ ಮಾಲೂ ಲೆಕ್ಕಕ್ಕೆ ಬರಬಹುದು. ಸೀರಿಯಲ್ ನಂಬರ್ ಪಟ್ಟಿ ತರಿಸಿ, ವಾರಂಟಿ ನೋಂದಣಿ ಜೊತೆ ತಾಳೆ ನೋಡಿದರೆ ಸಾಕಾ?

ಹೊಸ ಪಂಪ್‌ಗಳ ಮೊದಲ ಲೋಡ್ ಬರಲು ಆರು ವಾರ ಬೇಕು. ಸೀಲ್, ಇಂಪೆಲ್ಲರ್ ಮೊದಲೇ ಕಳಿಸುತ್ತೇವೆ. ಹಳೇ ಮಾಡೆಲ್‌ನ ಬಿಡಿಭಾಗ ಐದು ವರ್ಷ ಸಿಗುತ್ತದೆ ಅಂತಲೂ ಬರೆದಿದ್ದೇನೆ.

ಇಂಥ ಪತ್ರ ಕಳಿಸಿದವರು ಎಷ್ಟು ದಿನದ ಮಿತಿ ಇಟ್ಟಿರಿ, ದಯವಿಟ್ಟು ಹೇಳಿ.