ಪದಚರ್ಚೆ: ‘ರಾತ್ರಿ ರೆಂಡರ್‌ಗೆ ಹಚ್ಚು’ ಎಂದು ಕೈಪಿಡಿಯಲ್ಲಿ ಬರೆಯಬಹುದೇ?

ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡ ದೃಶ್ಯ ಆನೆಗುಂದಿಯದು: ಬಂಡೆಗುಡ್ಡ, ಕೆಳಗೆ ಹೊಳೆ, ದಡದಲ್ಲಿ ಭತ್ತದ ಗದ್ದೆ. ಒಟ್ಟು 10 ಸೆಕೆಂಡಿನ ಓಟ, ಅಂದರೆ 240 ಫ್ರೇಮ್. ನಮ್ಮ ಕಂಪ್ಯೂಟರಿಗೆ 8 ಜಿಬಿ ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ದೃಶ್ಯವನ್ನು ರೆಂಡರ್ ಮಾಡಿ ಚಿತ್ರವಾಗಿಸಲು ಒಂದು ಫ್ರೇಮಿಗೆ ನಾಲ್ಕು ನಿಮಿಷ ಹಿಡಿಯುತ್ತದೆ. ಹಾಗಾಗಿ ರಾತ್ರಿ ಬಿಟ್ಟು ಹೋಗುವುದು, ಇಲ್ಲವೇ ಹೊರಗಿನ ಯಂತ್ರಗಳಿಗೆ ಕಳಿಸುವುದು, ಇವೆರಡೇ ದಾರಿ.

ಮೂರು ಕಡೆ ತೊಡಕಾಗಿದೆ. ಹೀಗೆ ಹೊರಗೆ ಕಳಿಸುವ ‘ಕ್ಲೌಡ್ ರೆಂಡರಿಂಗ್’ಗೆ ‘ಮೋಡದ ರೆಂಡರ್’ ಎಂದು ಬರೆದಿದ್ದೇನೆ. ‘ಬ್ಯಾಚ್’ಗೆ ಏನೂ ಹೊಳೆದಿಲ್ಲ. ‘ರಾತ್ರಿ ರೆಂಡರ್‌ಗೆ ಹಚ್ಚಿ ಮಲಗಿರಿ’ ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿ ದಿನವೂ ಇದೆ. ಆದರೆ ಓದಿದ ಗೆಳೆಯರೊಬ್ಬರು ‘ಹಚ್ಚುವುದು ದೀಪ, ಬಣ್ಣ, ರೆಂಡರ್ ಅಲ್ಲ’ ಎಂದರು. ತಿಳಿದವರು ಹೇಳಬೇಕು.

ರಾಯಚೂರಿನಿಂದ

ಸರ್, ಮೋಡದ ರೆಂಡರ್ ಬಗ್ಗೆ ನೀವೇ ಎತ್ತಿದ್ದು ಚಲೋ ಆತು. ನನ್ನ ಸೀನಿನಾಗೂ ಮೋಡ ಅದಾವು. ಮಳಿಗಾಲದ ಆಕಾಶ ಮಾಡೀನಿ, ಮೋಡ ಇಲ್ಲದ ಫ್ರೇಮ್ ಲಗೂನ ಆಗ್ತದ, ಮೋಡ ಬಂದ ಕೂಡಲೇ ಯಂತ್ರ ನಿಂತೇ ಬಿಡ್ತದ. ನಿಮ್ಮ ಕೈಪಿಡಿಯಾಗ ಇದಕ್ಕ ಉಪಾಯ ಐತೇನು?

ಮೈಸೂರಿನಿಂದ

ಮೇಲಿನ ಪತ್ರವೇ ‘ಮೋಡದ ರೆಂಡರ್’ ಯಾಕೆ ಬೇಡ ಎಂಬುದಕ್ಕೆ ಉತ್ತರ!

‘ಬ್ಯಾಚ್’ಗೆ ನಮ್ಮ ಕಡೆ ‘ಒಬ್ಬೆ’ ಇದೆ. ಒಂದು ಒಬ್ಬೆ ಇಡ್ಲಿ ಎನ್ನುತ್ತೇವೆ. ಅಲ್ಲಿ ಇಡ್ಲಿಗಳೆಲ್ಲ ಒಟ್ಟಿಗೆ ಬೇಯುವ ಹಾಗೆ, ಇಲ್ಲಿ 240 ಚಿತ್ರಗಳೂ ಒಟ್ಟಿಗೆ ತಯಾರಾಗುತ್ತವೆ. ‘ಒಬ್ಬೆ ರೆಂಡರ್’ ಎನ್ನಬಹುದು. ‘ಹಚ್ಚು’ ಮಾತ್ರ ಬರಹಕ್ಕೆ ಒಗ್ಗುವುದಿಲ್ಲ ಎನಿಸುತ್ತದೆ. ‘ಚಾಲನೆ ನೀಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಬಳ್ಳಾರಿಯಿಂದ

ಕಟ್ಟಡಗಳ ವಾಕ್‌ಥ್ರೂ ಮಾಡಿ ಹೊಟ್ಟೆ ಹೊರೆಯುವವನು ನಾನು. ಭಾಷಾಶಾಸ್ತ್ರ ಗೊತ್ತಿಲ್ಲ, ಕೆಲಸ ಗೊತ್ತು.

ಮೈಸೂರಿನವರ ‘ಒಬ್ಬೆ’ ಸೊಗಸಾದ ಪದ. ಆದರೆ ಮನೆಯ ಯಂತ್ರದಲ್ಲಿ 240 ಚಿತ್ರ ಒಟ್ಟಿಗೆ ಆಗುವುದಿಲ್ಲ. ಒಂದು ಮುಗಿದು ಡಿಸ್ಕಿಗೆ ಬಿದ್ದ ಮೇಲೆ ಮುಂದಿನದು. ಇದು ಸಾಲು, ನಮ್ಮ ಮಾತಿನಲ್ಲಿ ಪಾಳಿ. ಲೆಕ್ಕವೂ ಹಾಗೇ ಬರುತ್ತದೆ: ನಾಲ್ಕು ನಿಮಿಷದ 240 ಫ್ರೇಮ್ ಅಂದರೆ 16 ಗಂಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 120 ಫ್ರೇಮ್ ಆದಾವು. ಎರಡು ರಾತ್ರಿಯ ಕೆಲಸ. ಹುಡುಗ ‘ಒಬ್ಬೆ’ ಎಂದು ಓದಿ ಬೆಳಿಗ್ಗೆ ಎಲ್ಲ ಸಿದ್ಧವಿರುತ್ತದೆ ಎಂದುಕೊಂಡರೆ ಕಷ್ಟ. ನಿಜವಾಗಿ ಒಟ್ಟಿಗೆ ಆಗುವುದು ಹೊರಗಿನ ಯಂತ್ರಗಳಲ್ಲಿ. ಅಲ್ಲಿ ಒಂದೊಂದು ಯಂತ್ರ ಒಂದೊಂದು ಫ್ರೇಮ್ ಎತ್ತಿಕೊಳ್ಳುತ್ತದೆ.

ಪಾಳಿ ಎಂದ ಮೇಲೆ ಅದು ಮುರಿದರೆ ಏನು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆ ರಾತ್ರಿ ಕರೆಂಟ್ ಹೋಗುತ್ತದೆ. ಅದಕ್ಕೇ ನೇರವಾಗಿ ವಿಡಿಯೊ ಫೈಲ್ ಬರೆಸಬಾರದು. ನಡುವೆ ನಿಂತರೆ ಇಡೀ ಫೈಲ್ ತೆರೆಯದೇ ಹೋಗಬಹುದು. ಒಂದೊಂದು ಚಿತ್ರವಾಗಿ ಬರೆಸಿ, ಕೊನೆಗೆ ವಿಡಿಯೊ ಕಟ್ಟಿಕೊಳ್ಳಬೇಕು. ನಾನು ಕೊಡುವ ಆಜ್ಞೆ ಇದು:

```
blender -b anegundi.blend -o //chitra/f_#### -F PNG -s 1 -e 240 -a
```

`-b` ಎಂದರೆ ಕಿಟಕಿ ತೆರೆಯದೆ ಕೆಲಸ ಮಾಡು ಎಂದು. ಪರದೆಯ ಮೇಲೆ ದೃಶ್ಯ ತೋರಿಸುವ ಖರ್ಚು ಉಳಿದು, 8 ಜಿಬಿ ಯಂತ್ರದಲ್ಲಿ ಅದೇ ಉಸಿರಾಡಲು ಜಾಗ ಕೊಡುತ್ತದೆ. `-a` ಯಾವಾಗಲೂ ಕೊನೆಗಿರಲಿ. ಬ್ಲೆಂಡರ್ ಈ ಸಾಲನ್ನು ಎಡದಿಂದ ಬಲಕ್ಕೆ ಪಾಲಿಸುತ್ತ ಹೋಗುತ್ತದೆ. `-a` ಮೊದಲೇ ಬಂದರೆ ಆಮೇಲೆ ಬರೆದ `-s`, `-e` ನೋಡುವ ಮೊದಲೇ ರೆಂಡರ್ ಶುರುವಾಗುತ್ತದೆ.

ಕರೆಂಟ್ 137ನೇ ಫ್ರೇಮಿನಲ್ಲಿ ಹೋಯಿತು ಅನ್ನಿ. `-s 137` ಎಂದು ಬದಲಿಸಿ ಮತ್ತೆ ಹಚ್ಚಿದರಾಯಿತು. ಇನ್ನೊಂದು ದಾರಿಯೂ ಇದೆ: ಔಟ್‌ಪುಟ್ ಭಾಗದಲ್ಲಿ Overwrite ತೆಗೆದು Placeholders ಹಾಕಿದರೆ, ಆಗಿರುವ ಫ್ರೇಮುಗಳನ್ನು ಅದೇ ಬಿಟ್ಟು ಮುಂದೆ ಹೋಗುತ್ತದೆ. ಇದರಲ್ಲಿ ಒಂದು ಮೋಸ ಉಂಟು. ಫ್ರೇಮ್ ಶುರುವಾದ ಕೂಡಲೇ ಅದರ ಹೆಸರಿನಲ್ಲಿ ಖಾಲಿ ಫೈಲ್ ಕೂರುತ್ತದೆ. ಕರೆಂಟ್ ಹೋದರೆ ಆ ಖಾಲಿ ಫೈಲ್ ಹಾಗೇ ಉಳಿದು, ಮರುದಿನ ‘ಇದು ಆಗಿದೆ’ ಎಂದು ಬ್ಲೆಂಡರ್ ಬಿಟ್ಟುಹೋಗುತ್ತದೆ. ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ, ಸೊನ್ನೆ ಗಾತ್ರದ್ದನ್ನು ಅಳಿಸಿ, ಆಮೇಲೆ ಹಚ್ಚಬೇಕು. ಇದೇ ಗುಣದಿಂದ ಉಪಕಾರವೂ ಇದೆ: ಲ್ಯಾಬಿನ ನಾಲ್ಕು ಕಂಪ್ಯೂಟರ್ ಒಂದೇ ಹಂಚಿದ ಫೋಲ್ಡರಿಗೆ ಬರೆದರೆ, ಒಂದು ಹಿಡಿದ ಫ್ರೇಮನ್ನು ಇನ್ನೊಂದು ಮುಟ್ಟುವುದಿಲ್ಲ. ಎರಡು ರಾತ್ರಿಯ ಕೆಲಸ ಅರ್ಧ ರಾತ್ರಿಗೆ ಇಳಿಯುತ್ತದೆ.

ಹೊರಗೆ ಕಳಿಸುವಾಗ ದುಡ್ಡಿನ ಲೆಕ್ಕ ಯಂತ್ರ-ಗಂಟೆಯದು. ಹತ್ತು ಯಂತ್ರ ಒಂದು ಗಂಟೆ, ಒಂದು ಯಂತ್ರ ಹತ್ತು ಗಂಟೆ, ಎರಡಕ್ಕೂ ಬಾಡಿಗೆ ಹೆಚ್ಚುಕಡಿಮೆ ಒಂದೇ. ಅವಸರವಿದ್ದರೆ ಅಲ್ಲೇ ಲಾಭ. ಮೊದಲು 1, 120, 240ನೇ ಫ್ರೇಮ್ ಮಾತ್ರ ಕಳಿಸಿ. ಮೂರರಲ್ಲಿ ಹೆಚ್ಚು ಹೊತ್ತು ಹಿಡಿದದ್ದನ್ನು 240ರಿಂದ ಗುಣಿಸಿ, ಬಂದ ಗಂಟೆಗಳಿಗೆ ಬಾಡಿಗೆ ಹಾಕಿದರೆ ಖರ್ಚಿನ ಅಂದಾಜು ಕೈಗೆ ಬರುತ್ತದೆ. ಶೀಪ್‌ಇಟ್‌ನಂಥ ಪುಕ್ಕಟೆ ವ್ಯವಸ್ಥೆಯೂ ಇದೆ. ನಿಮ್ಮ ಯಂತ್ರ ಬಿಡುವಿದ್ದಾಗ ಇತರರ ಫ್ರೇಮ್ ಮಾಡಿಕೊಟ್ಟರೆ ಅಂಕ ಬರುತ್ತದೆ, ಅಂಕ ಹೆಚ್ಚಿದ್ದವರ ಪಾಳಿ ಬೇಗ ಬರುತ್ತದೆ. ಆದರೆ ನಿಮ್ಮ ಫೈಲ್ ಅಪರಿಚಿತರ ಯಂತ್ರಗಳಿಗೆ ಹೋಗುತ್ತದೆ. ಗಿರಾಕಿಯ ಕೆಲಸವನ್ನು ನಾನು ಅಲ್ಲಿ ಹಾಕುವುದಿಲ್ಲ.

ರಾಯಚೂರಿನ ತಮ್ಮ, ನಿನ್ನ ಮೋಡ ಬೇರೆ ಮೋಡ. ಅದು ವಾಲ್ಯೂಮ್. ಬೆಳಕು ಅದರೊಳಗೆ ಹೆಜ್ಜೆಹೆಜ್ಜೆಗೂ ಲೆಕ್ಕವಾಗುತ್ತದೆ, ಅದಕ್ಕೇ ನಿಧಾನ. ಸೈಕಲ್ಸ್‌ನಲ್ಲಿ Step Rate ಇದ್ದರೆ ಸ್ವಲ್ಪ ಏರಿಸಿ ನೋಡು. ಬಹಳ ಏರಿಸಿದರೆ ಮೋಡದಲ್ಲಿ ಪಟ್ಟೆ ಕಾಣುತ್ತದೆ. ಮೋಡ ದೂರದ್ದಾದರೆ ಆಕಾಶದ ಚಿತ್ರ ಹಚ್ಚಿ ಕೈ ತೊಳೆದುಕೋ.

ರಾಯಚೂರಿನಿಂದ

ಅಣ್ಣಾರ, ತಿಳೀತು. ಅಂದ್ರ ಮೋಡ ಇರೋ ಸೀನನ್ನ ಮೋಡಕ್ಕ ಕಳಿಸಬಹುದು ಅಂದಂಗಾತು! ಆದರ ಹಿಂದಕ ಒಮ್ಮಿ ಕಳಿಸಿದಾಗ ಬಂಡಿಗಲ್ಲೆಲ್ಲಾ ಗುಲಾಬಿ ಬಣ್ಣ ಆಗಿ ಬಂದಿದ್ವು. ಅದು ಯಾಕ?

ಬಳ್ಳಾರಿಯಿಂದ

ಆ ಗುಲಾಬಿ ಅಂದರೆ ‘ಚಿತ್ರ ಸಿಗಲಿಲ್ಲ’ ಎಂದು ಬ್ಲೆಂಡರ್ ಹೇಳುವ ರೀತಿ. ಕಲ್ಲಿನ ಚಿತ್ರ ನಿನ್ನ ಡಿ ಡ್ರೈವಿನಲ್ಲಿ ಇತ್ತು, ಅಲ್ಲಿನ ಯಂತ್ರಕ್ಕೆ ಡಿ ಡ್ರೈವ್ ಎಲ್ಲಿಂದ ಬರಬೇಕು? ಕಳಿಸುವ ಮೊದಲು File ಪಟ್ಟಿಯ External Data ಒಳಗೆ Pack Resources ಒತ್ತು. ಚಿತ್ರಗಳೆಲ್ಲ ಫೈಲಿನೊಳಗೇ ಸೇರುತ್ತವೆ. ಹೊಗೆ, ನೀರಿನ ಸಿಮ್ಯುಲೇಶನ್ನಿನ ಲೆಕ್ಕ ಉಳಿಸಿಟ್ಟ ಕ್ಯಾಶ್ ಮಾತ್ರ ಹೀಗೆ ಸೇರುವುದಿಲ್ಲ. ಮನೆಯಲ್ಲೇ ಬೇಕ್ ಮಾಡಿ, ಅಂದರೆ ಲೆಕ್ಕ ಮೊದಲೇ ಮುಗಿಸಿಟ್ಟು, ಆ ಕ್ಯಾಶ್ ಫೋಲ್ಡರನ್ನು ಜತೆಗೆ ಕಳಿಸಬೇಕು. ಇಲ್ಲದಿದ್ದರೆ ಹೊಳೆಯೇ ಇರುವುದಿಲ್ಲ.

ಮೈಸೂರಿನಿಂದ

ಸರಿ, ಮನೆಯ ರೆಂಡರಿಗೆ ‘ಪಾಳಿ’ ಒಪ್ಪಿದೆ. ಆದರೆ ನಮ್ಮ ಕಡೆಯ ಓದುಗರು ಅದನ್ನು ಕಾರ್ಖಾನೆಯ ಪಾಳಿ ಎಂದುಕೊಳ್ಳುತ್ತಾರೆ, ‘ರಾತ್ರಿ ಪಾಳಿ’ ಎಂದರಂತೂ ಹೇಳುವುದೇ ಬೇಡ. ‘ಸರದಿ’ ಇರಲಿ. ಹಲವು ಯಂತ್ರ ಸೇರಿ ಮಾಡುವುದಕ್ಕೆ ‘ಒಬ್ಬೆ’ಯನ್ನು ನಾನಿನ್ನೂ ಬಿಟ್ಟುಕೊಟ್ಟಿಲ್ಲ.

ಗಂಗಾವತಿಯಿಂದ

‘ಮೋಡದ ರೆಂಡರ್’ ತೆಗೆದು ‘ಬಾಡಿಗೆ ಯಂತ್ರದಲ್ಲಿ ರೆಂಡರ್’ ಎಂದು ಬರೆದೆ. ಉದ್ದವಾಯಿತು, ಆದರೆ ಆಕಾಶದ ಪಾಠದ ಜತೆ ಗೊಂದಲವಿಲ್ಲ. ‘ಹಚ್ಚು’ ಉಳಿಸಿಕೊಳ್ಳುತ್ತೇನೆ. ಆಳನ್ನು ಕೆಲಸಕ್ಕೆ ಹಚ್ಚುತ್ತೇವೆ, ಯಂತ್ರವನ್ನೂ ಹಚ್ಚಬಹುದು. ಪಾಳಿಯೋ ಸರದಿಯೋ ಎಂಬುದರಲ್ಲಿ ಇನ್ನೂ ಹೊಯ್ದಾಡುತ್ತಿದ್ದೇನೆ. ಕಲಬುರಗಿ, ಬೀದರ ಕಡೆಯವರು ಏನೆನ್ನುತ್ತಾರೆ?