ಹಿತ್ತಾಳೆ ತುಂಡಿನ ಸಾಂದ್ರತೆ 8.474 ಬರೆದರೆ ಯಾಕ ತಪ್ಪು?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಗದಗ): ಸರ್, ಹಿತ್ತಾಳೆ ತುಂಡಿನ ತೂಕ 42.37 ಗ್ರಾಂ. ಅಳತೆ ಜಾಡ್ಯಾಗ ನೀರು 50.0 ಮಿಲಿ ಇತ್ತು, ತುಂಡು ಬಿಟ್ಟ ಮ್ಯಾಲೆ 55.0 ಆತು. ಕ್ಯಾಲ್ಕ್ಯುಲೇಟರ್ 8.474 ತೋರಿಸ್ತು, ಹಂಗ ಬರದೆ. ರೆಕಾರ್ಡ್‌ನ್ಯಾಗ ಕೆಂಪು ಪೆನ್ನಿಲೆ ಸುತ್ತು ಹಾಕ್ಯಾರ, ಕಾರಣ ಬರದಿಲ್ಲ. ಎಷ್ಟು ಅಂಕಿ ಇಡಬೇಕಿತ್ರಿ?

ಬಿ.ಎಸ್ಸಿ. ವಿದ್ಯಾರ್ಥಿ, ಹುಬ್ಬಳ್ಳಿ: ಸರಳ ಐತಿ ತಂಗಿ. ಯಾವ ಅಳತ್ಯಾಗ ಸಾರ್ಥಕ ಅಂಕಿ ಕಡಿಮಿ ಅದಾವೋ ಉತ್ತರಕ್ಕೂ ಅಷ್ಟ. 42.37ಕ್ಕ ನಾಕು, 50.0ಕ್ಕ ಮೂರು, 55.0ಕ್ಕೂ ಮೂರು. ಅಂದ್ರ 8.47.

ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ: ಹುಬ್ಬಳ್ಳಿ ತಮ್ಮ ಹೇಳಿದ ನಿಯಮ ಗುಣಾಕಾರ, ಭಾಗಾಕಾರಕ್ಕೆ ಸರಿ. ಆದರೆ ಅವನು ನಡುವಿನ ಒಂದು ಮೆಟ್ಟಿಲು ಜಿಗಿದಾನ. ಭಾಗಿಸೋಕಿಂತ ಮೊದಲು ಕಳೀಬೇಕಲ್ಲ? ಕಳೆಯುವಾಗ ಒಟ್ಟು ಅಂಕಿ ಎಣಿಸೋದಿಲ್ಲ, ದಶಮಾಂಶದ ಸ್ಥಾನ ನೋಡ್ತೀವಿ. 55.0 ರಿಂದ 50.0 ಕಳೆದರೆ 5.0. ಮೂರಂಕಿಯ ಎರಡು ಅಳತೆ ಸೇರಿ ಎರಡೇ ಅಂಕಿ ಉಳಿಸಿದವು, ಮುಂದಿನ 50 ಎರಡರಲ್ಲೂ ಒಂದೇ ಇದ್ದದ್ದಕ್ಕೆ ಹಾರಿಹೋಯ್ತು. ಈಗ ಭಾಗಿಸಿದರೆ ಉತ್ತರಕ್ಕೂ ಎರಡೇ ಅಂಕಿ: 8.5.

ನಂಬಿಕೆ ಬರಲಿಲ್ಲ ಅಂದ್ರ ಗಾತ್ರವನ್ನ ಸ್ವಲ್ಪ ಅಲ್ಲಾಡಿಸಿ ನೋಡು. ಅದು 4.9 ಆಗಿದ್ದರೆ ಸಾಂದ್ರತೆ 8.65, 5.1 ಆಗಿದ್ದರೆ 8.31. ಮೊದಲನೇ ದಶಮಾಂಶವೇ ಅಲುಗಾಡತೈತಿ, ಅಂಥದ್ರಾಗ 8.47ರ 7ಕ್ಕೆ ಏನು ಅರ್ಥ? ನಿನ್ನ ಜಾಡಿ 100 ಮಿಲಿದು, ಗೆರೆ 1 ಮಿಲಿಗೆ ಒಂದು ಇದ್ದರೆ ಹತ್ತನೇ ಒಂದು ಭಾಗ ಅಂದಾಜಿಲೆ ಓದಿದ್ದು. ಆಗ ತಪ್ಪು 0.1ಕ್ಕಿಂತ ಹೆಚ್ಚೇ ಇರತೈತಿ, 8.5 ಕೂಡ ಸ್ವಲ್ಪ ಉದಾರ ಮನಸ್ಸಿನ ಉತ್ತರ. ಅಂಕಿ ಎಣಿಸೋ ನಿಯಮಕ್ಕೆ ಅಷ್ಟು ಸೂಕ್ಷ್ಮ ಗೊತ್ತಾಗೋದಿಲ್ಲ.

ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ: ಬಿಲ್ಲಿನಾಗ ಪೈಸೆ ರೌಂಡ್ ಮಾಡೂದು ಕೇಳ್ಯಾರಂತ ಬಂದೆ, ಇದು ಬ್ಯಾರೆ ಕಥಿ. ಆದ್ರೂ ನಮ್ಮಲ್ಲೂ ಹಿಂಗ ಆಗಿತ್ರಿ. ಗಾಡಿ ವೇಬ್ರಿಜ್ ಮ್ಯಾಲೆ ನಿಂತಾಗ 9,460 ಕೆ.ಜಿ. ಒಂದು ಚೀಲ ಇಳಿಸಿದ್ರ 9,430. ಚೀಲ 30 ಕೆ.ಜಿ. ಅಂತ ಹಮಾಲ ಹಟ ಹಿಡಿದ. ಸಣ್ಣ ಕಾಟಾದಾಗ ಇಟ್ರ 34.6 ಬಂತು!

ಉಪನ್ಯಾಸಕ: ಅಣ್ಣಾರ, ಕಥಿ ಬ್ಯಾರೆ ಅಲ್ರಿ, ಅದೇ ರೋಗ. ನಿಮ್ಮ ವೇಬ್ರಿಜ್ 10 ಕೆ.ಜಿ.ಗೆ ಒಂದು ಹೆಜ್ಜೆ ಹಾಕತೈತಿ. ಎರಡು ದೊಡ್ಡ ತೂಕ ಕಳೆದು ಸಣ್ಣದನ್ನ ಹಿಡಿಯೋಕೆ ಹೋದರೆ ಹೆಜ್ಜೆಯ ತಪ್ಪೆಲ್ಲ ಚೀಲದ ತಲಿಮ್ಯಾಲೆ ಬೀಳತೈತಿ.

ವಿದ್ಯಾರ್ಥಿನಿ: ಹಂಗಾರ ಮೂರು ಅಂಕಿ ಬರಬೇಕಂದ್ರ ಏನ್ ಮಾಡಬೇಕ್ರಿ ಸರ್? ಜಾಡಿ ಒಂದೇ ಐತಿ.

ಉಪನ್ಯಾಸಕ: ಜಾಡಿ ಬಿಡು, ಗಾತ್ರವನ್ನೂ ಬ್ಯಾಲೆನ್ಸ್‌ನಲ್ಲೇ ತೂಗು. ನೀರಿನ ಬೀಕರ್ ಬ್ಯಾಲೆನ್ಸ್ ಮೇಲಿಟ್ಟು ಸೊನ್ನೆ ಮಾಡು. ತುಂಡನ್ನ ತೆಳು ದಾರಕ್ಕೆ ಕಟ್ಟಿ, ಮೇಲಿನ ಸ್ಟ್ಯಾಂಡಿಗೆ ತೂಗುಹಾಕಿ, ಪೂರ್ತಿ ಮುಳುಗಿಸು. ತಳಕ್ಕೂ ಗೋಡೆಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಬ್ಯಾಲೆನ್ಸ್ ತೋರಿಸೋದು ತುಂಡು ಸರಿಸಿದ ನೀರಿನ ತೂಕ. 5.02 ಗ್ರಾಂ ಬಂತು ಅನ್ನೋಣ, ಮೂರು ಅಂಕಿ ಕೈಗೆ ಬಂತು, ಕಳೆಯೋದೇ ಇಲ್ಲ. 42.37 ಭಾಗಿಸು 5.02, ಅಂದ್ರೆ 8.44.

ಆದರೆ ಮೂರನೇ ಅಂಕಿ ಬಂದ ಕೂಡಲೇ ಹೊಸ ಜವಾಬ್ದಾರಿ. 28 ಡಿಗ್ರಿಯಲ್ಲಿ 1 ಮಿಲಿ ನೀರು 1 ಗ್ರಾಂ ಅಲ್ಲ, ಸುಮಾರು 0.996 ಗ್ರಾಂ. ಅದನ್ನ ಹಿಡಿದರೆ ಗಾತ್ರ 5.04 ಮಿಲಿ, ಸಾಂದ್ರತೆ 8.41. ಜಾಡಿಯ 8.5 ಇದ್ದಾಗ ಈ ತಿದ್ದುಪಡಿ ಕಾಣ್ತಿರಲೇ ಇಲ್ಲ. ಇನ್ನೊಂದು ಮಾತು, 5.04 ಅಂತ ನಾನು ಬರೆದದ್ದು ತೋರಿಸೋಕೆ. ಲೆಕ್ಕದೊಳಗೆ ಕ್ಯಾಲ್ಕ್ಯುಲೇಟರಿನ ಅಂಕಿ ಹಾಗೇ ಇಟ್ಕೊಂಡು, ಕೊನೆಗೆ ಒಮ್ಮೆ ಮಾತ್ರ ಕತ್ತರಿಸು.

ಬಿ.ಎಸ್ಸಿ. ವಿದ್ಯಾರ್ಥಿ: ತಪ್ಪಾತು ಸರ್. ನಮ್ಮ ಬ್ಯಾಚಿನ ತುಂಡು 42.25 ಗ್ರಾಂ, ಗಾತ್ರ 5.0. ಬರೋಬ್ಬರಿ 8.45. ಇದು 8.4 ಏನ್ರಿ, 8.5 ಏನ್ರಿ?

ಉಪನ್ಯಾಸಕ: ಸರಿಯಾಗಿ ನಡುವೆ ನಿಂತರೆ ಸಮ ಅಂಕಿ ಕಡೆ ಹೋಗಬೇಕು ಅನ್ನೋ ಪದ್ಧತಿಯಲ್ಲಿ 8.4. ಯಾವಾಗಲೂ ಮೇಲಕ್ಕೇ ಒಯ್ಯುತ್ತಾ ಹೋದರೆ ಬಹಳ ಅಳತೆಗಳ ಸರಾಸರಿ ಮೇಲಕ್ಕೆ ವಾಲತೈತಿ ಅಂತ ಈ ಪದ್ಧತಿ. ಒಂದೇ ತುಂಡಿಗೆ ಎರಡರಲ್ಲಿ ಯಾವುದು ಬರೆದರೂ ನಾನು ಮಾರ್ಕ್ಸ್ ಕಡೀದಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿ: ನೀವು ಕಡೀದಿಲ್ಲ ಸರ್, ನಮ್ಮ ಸರ್ 8.5 ಒಪ್ಪೂದಿಲ್ಲಂತಾರ, ಪಕ್ಕದ ಲ್ಯಾಬಿನವರು 8.4 ಒಪ್ಪೂದಿಲ್ಲಂತಾರ.

ವಿದ್ಯಾರ್ಥಿನಿ: ನಾಳೆ ದಾರ ಕಟ್ಟಿ ನೋಡ್ತೀನ್ರಿ. ದಾರ ಒದ್ದಿ ಆದ್ರ ಅದರ ತೂಕಾನೂ ಬರತೈತೇನ್ರಿ?

ಉಪನ್ಯಾಸಕ: ದಾರವನ್ನ ಸ್ಟ್ಯಾಂಡ್ ಹಿಡಿದಿರತೈತಿ, ತೂಕ ಬರೋದಿಲ್ಲ. ಮುಳುಗಿದ ದಾರದ ಗಾತ್ರ ಮಾತ್ರ ಸೇರತೈತಿ. ಬರೇ ದಾರ ಅಷ್ಟೇ ಉದ್ದ ಮುಳುಗಿಸಿ ನೋಡು, 0.01 ಮೇಲೆ ತೋರಿಸಿದರೆ ಅದನ್ನ ಕಳಿ.